ಬರುವ ದುಡ್ಡಿಗೆ ಪಿನ್ ಯಾಕೆ?

ಕಳೆದ ತಿಂಗಳು ನಮ್ಮ ಕನ್ನಡ ಶಾಲೆಯ ದೊಡ್ಡ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆವು. ಆನ್‌ಲೈನ್ ಹಣ ಪಾವತಿಯಲ್ಲಿ ನಡೆಯುವ ಮೋಸಗಳ ಬಗ್ಗೆ ಕನ್ನಡದಲ್ಲಿ ಒಂದು ಕ್ಯಾರೊಸೆಲ್ ಮಾಡಿ, ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ವಾಟ್ಸಾಪಿನಲ್ಲಿ ಕಳಿಸಬೇಕು. ಕ್ಯಾರೊಸೆಲ್ ಎಂದರೆ ಬೆರಳಿನಿಂದ ಸರಿಸುತ್ತ ಒಂದಾದ ಮೇಲೊಂದು ನೋಡುವ ಚಿತ್ರಗಳ ಸರಣಿ. ಒಂದೊಂದು ಚಿತ್ರದಲ್ಲಿ ನಾಲ್ಕೈದು ಸಾಲು ಮಾತ್ರ ಇರಬೇಕು ಎಂದಿದ್ದೆವು. ನಾನು ವಾರದ ದಿನಗಳಲ್ಲಿ ಇಲ್ಲಿನ ಒಂದು ಬ್ಯಾಂಕಿನಲ್ಲಿ ಪಾವತಿ ವಂಚನೆಯ ದೂರುಗಳನ್ನು ನೋಡುವ ಕೆಲಸದಲ್ಲಿದ್ದೇನೆ. ಹಾಗಾಗಿ ಮಕ್ಕಳ ಚಿತ್ರಗಳನ್ನು ತಿದ್ದುವ ಹೊಣೆ ನನ್ನ ತಲೆಗೆ ಬಂತು.

ಎಲ್ಲರಿಗಿಂತ ಮೊದಲು ಮುಗಿಸಿದವಳು ಹದಿಮೂರು ವರ್ಷದ ಒಬ್ಬ ಹುಡುಗಿ. ಕೆಂಪು ಹಿನ್ನೆಲೆ, ನಡುವೆ ತಲೆಬುರುಡೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ಎಚ್ಚರ! ಪಿನ್ ಕೇಳಿದರೆ ಅದು ಮೋಸ! ನಿಮ್ಮ ಖಾತೆ ಖಾಲಿ!’ ನಾನು ನೋಡುವ ಮೊದಲೇ ಅದನ್ನು ಮೈಸೂರಿನ ತನ್ನ ಅಜ್ಜನಿಗೆ ಕಳಿಸಿಯೂ ಬಿಟ್ಟಿದ್ದಳು. ಮುಂದಿನ ವಾರ ಬಂದವಳ ಮುಖ ಸಪ್ಪಗಿತ್ತು. “ಅಂಕಲ್, ಅಜ್ಜ ಈಗ ಹಾಲಿನ ಅಂಗಡೀಲೂ ಫೋನ್ ತೆಗೀತಾ ಇಲ್ವಂತೆ. ಪಿನ್ ಕೇಳ್ತು ಅಂತ ಹೆದರಿ ಆ್ಯಪ್ ಡಿಲೀಟ್ ಮಾಡಿದಾರೆ. ಮಳೇಲಿ ಎಟಿಎಂಗೆ ನಡ್ಕೊಂಡು ಹೋಗ್ತಾರೆ” ಎಂದಳು.

ಅಜ್ಜ ಅಷ್ಟು ಹೆದರಿದ್ದಕ್ಕೆ ಕಾರಣವಿತ್ತು. ಎರಡು ತಿಂಗಳ ಹಿಂದೆ ಅವರಿಗೆ ನಿಜಕ್ಕೂ ಮೋಸವಾಗಿತ್ತು. ನಾಚಿಕೆಯಿಂದ ಮೂರು ವಾರ ಮಗನಿಗೂ ಹೇಳಿರಲಿಲ್ಲ. ಅವರ ಒಪ್ಪಿಗೆ ಕೇಳಿಯೇ ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. “ಹೆಸರು ಮಾತ್ರ ಹಾಕಬೇಡಿ, ಉಳಿದದ್ದೆಲ್ಲ ಬರೀರಿ” ಎಂದಿದ್ದಾರೆ.

ಅವರ ಮನೆಯಲ್ಲಿ ಹಳೆಯ ತೇಗದ ಮಂಚವೊಂದಿತ್ತು. ಹಳೆಯ ಸಾಮಾನು ಮಾರುವ ಒಂದು ಜಾಲತಾಣದಲ್ಲಿ 18,000 ರೂಪಾಯಿಗೆ ಜಾಹೀರಾತು ಹಾಕಿದರು. ಅರ್ಧ ಗಂಟೆಯಲ್ಲಿ ಫೋನು ಬಂತು. ತಾನು ಸೈನ್ಯದಲ್ಲಿದ್ದೇನೆ, ಮೈಸೂರಿಗೆ ವರ್ಗವಾಗಿದೆ, ಮಂಚ ನೋಡಲು ಬರಲು ಬಿಡುವಿಲ್ಲ, ನಾಳೆ ಗಾಡಿ ಕಳಿಸುತ್ತೇನೆ, ಅರ್ಧ ದುಡ್ಡು ಈಗಲೇ ಹಾಕುತ್ತೇನೆ ಎಂದ. ಚೌಕಾಸಿಯ ಮಾತೇ ಇಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಅಜ್ಜನಿಗೆ ಆಗಲೇ ಅನುಮಾನ ಬರಬೇಕಿತ್ತು ಎಂದು ಅಜ್ಜಿ ಈಗಲೂ ಆಡಿಕೊಳ್ಳುತ್ತಾರೆ.

ಆ ಮನುಷ್ಯ ಮೊದಲು ಹತ್ತು ರೂಪಾಯಿಯ ಕ್ಯೂಆರ್ ಕೋಡ್ ಕಳಿಸಿದ. “ಸಾರ್, ನಮ್ಮ ಸೈನ್ಯದ ಖಾತೆಯ ರೀತಿಯೇ ಬೇರೆ. ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ಇಪ್ಪತ್ತು ಬರುತ್ತದೆ” ಎಂದ. ಅಜ್ಜ ಹಾಗೇ ಮಾಡಿದರು. ಹತ್ತು ಹೋಯಿತು, ಕೂಡಲೇ ಇಪ್ಪತ್ತು ಬಂತು. ಈ ಆಟದ ಕೀಲಿ ಇರುವುದು ಇಲ್ಲೇ. ಆ ಇಪ್ಪತ್ತು ರೂಪಾಯಿಯನ್ನು ಅವನು ತನ್ನ ಫೋನಿನಿಂದ ಬೇರೆಯಾಗಿ ಕಳಿಸಿದ್ದ. ಅದಕ್ಕೂ ಅಜ್ಜ ಹಾಕಿದ ಪಿನ್ನಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಒಂದರ ಹಿಂದೆ ಒಂದು ನಡೆದದ್ದರಿಂದ ಪಿನ್ ಹಾಕಿದ್ದಕ್ಕೇ ಹಣ ಬಂತು ಎಂದು ಅಜ್ಜನಿಗೆ ಅನಿಸಿತು. ಹತ್ತು ರೂಪಾಯಿ ಖರ್ಚಿನಲ್ಲಿ ಕಳ್ಳ ಅವರ ನಂಬಿಕೆಯನ್ನು ಕೊಂಡುಕೊಂಡಿದ್ದ.

ಆಮೇಲೆ 9,000 ರೂಪಾಯಿಯ ಕೋಡ್ ಬಂತು. ಅಜ್ಜ ಪಿನ್ ಹಾಕಿದರು, ಹಣ ಹೋಯಿತು, ಏನೂ ಬರಲಿಲ್ಲ. “ಅಯ್ಯೋ ಸಾರ್, ಎಲ್ಲೋ ತಪ್ಪಾಯಿತು. ನಿಮ್ಮದೂ ನನ್ನದೂ ಸೇರಿಸಿ 18,000 ಹಾಕುತ್ತೇನೆ, ಈ ಹೊಸ ಕೋಡ್ ಸ್ಕ್ಯಾನ್ ಮಾಡಿ. ಫೋನ್ ಮಾತ್ರ ಇಡಬೇಡಿ” ಎಂದ. ಅದೂ ಹೋಯಿತು. ಮೂರನೆಯದಾಗಿ 27,000ದ ಕೋಡ್ ಬಂದಾಗ ಅಡುಗೆಮನೆಯಿಂದ ಬಂದ ಅಜ್ಜಿ, “ಅಲ್ಲಾ ಅಂದ್ರೆ, ಬರೋ ದುಡ್ಡಿಗೆ ನೀವ್ಯಾಕೆ ಪಿನ್ ಹಾಕ್ತಾ ಇದೀರಿ?” ಎಂದು ಕೇಳಿದರು. ಅಜ್ಜನ ಬೆರಳು ಅಲ್ಲೇ ನಿಂತಿತು.

ಅಜ್ಜಿ ಇವತ್ತಿಗೂ ಯುಪಿಐ ಬಳಸುವುದಿಲ್ಲ. ಆದರೂ ಆ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ. ನಾವು ಬೇರೇನೂ ಯೋಚಿಸದೆ ಆ ಪ್ರಶ್ನೆಯನ್ನೇ ಮೊದಲ ಕಾರ್ಡಿಗೆ ಹಾಕಿದೆವು.

ಮಕ್ಕಳು ಇದನ್ನು ನಂಬಬೇಕಾದರೆ ಕಣ್ಣಾರೆ ನೋಡಬೇಕು. ಅದಕ್ಕೆ ತರಗತಿಯಲ್ಲಿ ಒಂದು ಕ್ಯೂಆರ್ ಕೋಡ್ ಬಿಡಿಸಿ ನೋಡಿದೆವು. ಆ ಕಪ್ಪು ಬಿಳಿ ಚೌಕಗಳಲ್ಲಿ ಯಾವ ಮಂತ್ರವೂ ಇಲ್ಲ, ಒಂದು ಸಾಲು ಬರಹ ಇರುತ್ತದೆ ಅಷ್ಟೆ. ನಾವು ತರಗತಿಗೆಂದು ಬರೆದುಕೊಂಡ ನಕಲಿ ಸಾಲು ಹೀಗಿತ್ತು:

```
upi://pay?pa=example@bank&pn=Refund%20Office&am=9000&cu=INR
```

`pay` ಎಂಬುದನ್ನು ಗಮನಿಸಿ. ಈ ಕೋಡ್ ಫೋನಿಗೆ ಹೇಳುತ್ತಿರುವುದು ‘ಕೊಡು’ ಎಂದು. `pa` ಎಂದರೆ ಹಣ ಪಡೆಯುವವರ ವಿಳಾಸ, `am` ಎಂದರೆ ಮೊತ್ತ, `pn` ಎಂದರೆ ಪಡೆಯುವವರ ಹೆಸರು. ಈ ಹೆಸರನ್ನು ಕೋಡ್ ಮಾಡಿದವರೇ ಬರೆಯುತ್ತಾರೆ. ರೀಫಂಡ್ ಆಫೀಸ್ ಎಂದಾದರೂ ಬರೆಯಬಹುದು, ಸೈನ್ಯದ ಹೆಸರನ್ನಾದರೂ ಬರೆಯಬಹುದು. ಕೋಡಿನ ಚಿತ್ರದ ಮೇಲೆ ಅಚ್ಚಾಗಿರುವ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ. ಸ್ಕ್ಯಾನ್ ಮಾಡಿದ ಮೇಲೆ, ಪಿನ್ ಹಾಕುವ ಮುಂಚೆ, ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನು ಆ್ಯಪ್ ತೋರಿಸುತ್ತದೆ. ಓದಬೇಕಾದದ್ದು ಅದನ್ನು. ಅಜ್ಜನ ಫೋನಿನಲ್ಲೂ ಯಾರೋ ಗುರುತಿಲ್ಲದವರ ಹೆಸರು ಬಂದಿತ್ತಂತೆ. ಅವರು ಗಮನಿಸಿರಲಿಲ್ಲ, ಗಮನಿಸಲು ಆ ಕಡೆಯವನು ಬಿಟ್ಟಿರಲೂ ಇಲ್ಲ.

ನಮ್ಮ ಖಾತೆಗೆ ಹಣ ಬರಬೇಕಾದರೆ ನಾವು ಮಾಡಬೇಕಾದ ಕೆಲಸ ಏನೂ ಇಲ್ಲ. ನಮ್ಮ ಮೊಬೈಲ್ ನಂಬರನ್ನೋ ಯುಪಿಐ ವಿಳಾಸವನ್ನೋ ಹೇಳಿ ಸುಮ್ಮನೆ ಕೂತರೆ ಸಾಕು. ಸ್ಕ್ಯಾನ್ ಬೇಡ, ಪಿನ್ ಬೇಡ, ಒಪ್ಪಿಗೆಯ ಬಟನ್ನೂ ಬೇಡ. ಹಿಂದೆ ‘ಕಲೆಕ್ಟ್ ರಿಕ್ವೆಸ್ಟ್’ ಎಂಬುದೊಂದಿತ್ತು. ಯಾರು ಬೇಕಾದರೂ ನಮಗೆ ‘ಇಷ್ಟು ಕೊಡಿ’ ಎಂಬ ಕೋರಿಕೆ ಕಳಿಸಬಹುದಿತ್ತು, ಅದನ್ನು ಹಣ ಬರುವ ಸೂಚನೆ ಎಂದು ತಿಳಿದು ಬಹಳ ಜನ ಪಿನ್ ಹಾಕಿ ಕಳೆದುಕೊಂಡರು. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಇಂಥ ಕೋರಿಕೆ ಕಳಿಸುವುದನ್ನು ನಿಲ್ಲಿಸಿದೆ. ಅಂಗಡಿ ಮತ್ತು ಕಂಪನಿಗಳ ಕೋರಿಕೆಗಳಿಗೆ ಆ ತಡೆ ಅನ್ವಯಿಸಿರಲಿಲ್ಲ. ಕ್ಯೂಆರ್ ದಾರಿಯಂತೂ ಹಾಗೇ ಇದೆ, ಅದನ್ನು ಮುಚ್ಚಿದರೆ ತರಕಾರಿ ಗಾಡಿಯ ವ್ಯಾಪಾರವೂ ನಿಂತುಹೋಗುತ್ತದೆ.

ಇಷ್ಟು ತಿಳಿದ ಮೇಲೆ ಹುಡುಗಿಯ ಕೆಂಪು ಚಿತ್ರಕ್ಕೆ ಮರಳಿದೆವು. ‘ಪಿನ್ ಕೇಳಿದರೆ ಅದು ಮೋಸ’ ಎಂಬ ಸಾಲೇ ತಪ್ಪು. ಹಾಲಿನ ಅಂಗಡಿಯಲ್ಲಿ ದುಡ್ಡು ಕೊಡುವಾಗ ಪಿನ್ ಕೇಳುವುದು ಮಾಮೂಲಿ. ಬ್ಯಾಲೆನ್ಸ್ ನೋಡುವಾಗಲೂ ಕೇಳುತ್ತದೆ. ಎಲ್ಲದಕ್ಕೂ ಹೆದರಿಸಿದರೆ ಓದಿದವರು ಒಂದೋ ಅಜ್ಜನ ಹಾಗೆ ಎಲ್ಲವನ್ನೂ ಬಿಡುತ್ತಾರೆ, ಇಲ್ಲವೇ ಎರಡು ದಿನ ಕಳೆದ ಮೇಲೆ ಎಚ್ಚರಿಕೆಯನ್ನೇ ಮರೆಯುತ್ತಾರೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ನನ್ನ ಮೇಜಿಗೆ ಬರುವ ದೂರುಗಳಲ್ಲಿ ಹಣ ಹೋದ ಗಳಿಗೆಯಲ್ಲಿ ಕಳ್ಳ ಮಾಡಿದ ಕೆಲಸ ಬಹುತೇಕ ಒಂದೇ: ಎದುರಿಗಿದ್ದವರನ್ನು ಗಾಬರಿಪಡಿಸಿದ್ದು, ಇಲ್ಲವೇ ಅವಸರಪಡಿಸಿದ್ದು. ಗಾಬರಿಯಾದವರು ತೆರೆಯ ಮೇಲಿನ ಹೆಸರು ಓದುವುದಿಲ್ಲ. ನಾವೂ ಕೆಂಪು ಬಣ್ಣ ಬಳಿದು ಗಾಬರಿ ಹುಟ್ಟಿಸಿದರೆ ಕಳ್ಳನ ಅರ್ಧ ಕೆಲಸವನ್ನು ನಾವೇ ಮಾಡಿಕೊಟ್ಟಂತೆ.

ಹಾಗಾಗಿ ಮಕ್ಕಳೇ ಒಂದು ಕ್ರಮ ಮಾಡಿಕೊಂಡರು. ಪ್ರತಿ ಕಾರ್ಡಿನಲ್ಲಿ ಮೊದಲು ಮಾಮೂಲಿಯಾಗಿ ಏನು ನಡೆಯುತ್ತದೆ ಎಂದು ಹೇಳುವುದು. ಆಮೇಲೆ ಯಾವುದು ಮಾಮೂಲಿಯಲ್ಲ ಎಂಬುದು. ಕೊನೆಗೆ ಆಗ ಮಾಡಬೇಕಾದ ಒಂದೇ ಒಂದು ಕೆಲಸ. ತಲೆಬುರುಡೆ ಹೋಯಿತು, ಹಿನ್ನೆಲೆ ತಿಳಿ ಹಸಿರಾಯಿತು. ಹೊಸ ಮೊದಲ ಕಾರ್ಡ್ ಹೀಗಿದೆ:

“ಅಂಗಡಿಯಲ್ಲಿ ದುಡ್ಡು ಕೊಡುವಾಗ, ಬ್ಯಾಲೆನ್ಸ್ ನೋಡುವಾಗ ಪಿನ್ ಕೇಳುತ್ತದೆ. ಅದು ಸರಿ. ದುಡ್ಡು ಬರುವಾಗ ಪಿನ್ ಬೇಕಾಗುವುದಿಲ್ಲ. ಹಣ ಕೊಡುತ್ತೇವೆ ಎಂದು ಯಾರಾದರೂ ಸ್ಕ್ಯಾನ್ ಮಾಡಿಸಿದರೆ ಫೋನ್ ಕೆಳಗಿಟ್ಟು ಮನೆಯವರನ್ನು ಕೇಳಿ: ಬರುವ ದುಡ್ಡಿಗೆ ಪಿನ್ ಯಾಕೆ?”

ಕೆಲವು ಆ್ಯಪ್‌ಗಳಲ್ಲಿ ಈಗ ಪಿನ್ ಬದಲು ಬೆರಳಚ್ಚು ಒತ್ತಿದರೂ ಆಗುತ್ತದೆ. ಅದಕ್ಕೂ ಇದೇ ಲೆಕ್ಕ.

ಎರಡನೆಯ ಕಾರ್ಡ್ ‘ಫೋನ್ ಇಡಬೇಡಿ’ ಎಂಬ ಮಾತಿನ ಬಗ್ಗೆ. ಅಜ್ಜನಿಗೆ ಅವನು ಅದನ್ನು ಯಾಕೆ ಹೇಳಿದ ಎಂದು ಮಕ್ಕಳನ್ನು ಕೇಳಿದಾಗ ಏಳು ವರ್ಷದ ಒಬ್ಬ ಪುಟ್ಟ, ಅಣ್ಣನ ಜೊತೆ ಸುಮ್ಮನೆ ಬಂದು ಕೂತಿದ್ದವನು, “ಫೋನ್ ಇಟ್ರೆ ಅಜ್ಜಿ ಹತ್ರ ಮಾತಾಡ್ತಾರಲ್ಲ, ಅದಕ್ಕೆ” ಎಂದ. ಸರಿಯಾದ ಉತ್ತರ. ಮಾತಿನ ನಡುವೆ ಬಿಡುವು ಸಿಗಬಾರದು, ಇನ್ನೊಬ್ಬರ ಕಿವಿಗೆ ಬೀಳಬಾರದು. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರೂ ಇದನ್ನೇ ಮಾಡುತ್ತಾರೆ. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಕೋಣೆ ಬಿಟ್ಟು ಹೊರಗೆ ಬರಬೇಡಿ ಎನ್ನುತ್ತಾರೆ. ಭಾರತದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಕಾರ್ಡಿನಲ್ಲಿ ಮಾತ್ರ ನಾವು ಮಾದಕ ವಸ್ತುವಿನ ವಿಷಯ ಬರೆಯಲಿಲ್ಲ. “ಫೋನ್ ಇಡಬೇಡಿ ಎಂದವರ ಫೋನನ್ನು ಇಡಬಹುದು. ಅದು ಅಗೌರವವಲ್ಲ” ಎಂದಷ್ಟೇ ಹಾಕಿದೆವು. ಈ ಕೊನೆಯ ಮಾತು ನಮ್ಮ ಹಿರಿಯರಿಗೆ ಬೇಕು. ಎದುರಿನವರು ಮಾತಾಡುತ್ತಿರುವಾಗ ಫೋನ್ ಇಡುವುದು ಅವರಿಗೆ ಬಹಳ ಕಷ್ಟ.

ಇಷ್ಟಾದಾಗ ಒಬ್ಬ ಹುಡುಗ, “ಇದೆಲ್ಲ ಇಂಡಿಯಾದ ವಿಷಯ, ಇಲ್ಲಿ ಇಂಗ್ಲೆಂಡಿನಲ್ಲಿ ಹೀಗೆ ಆಗಲ್ಲ” ಎಂದ. ಅವನ ಅಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದರು. “ಆಗಲ್ವಾ?” ಎಂದು ನಕ್ಕು ತಮ್ಮ ಕಥೆ ಹೇಳಿದರು. ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ದೊಡ್ಡ ಮಗನ ಹೆಸರಿನಲ್ಲಿ ಗುರುತಿಲ್ಲದ ನಂಬರಿನಿಂದ ಅವರಿಗೆ ವಾಟ್ಸಾಪ್ ಸಂದೇಶ ಬಂದಿತ್ತು: ಹಾಯ್ ಮಮ್, ಫೋನ್ ನೀರಿಗೆ ಬಿತ್ತು, ಇದು ನನ್ನ ಹೊಸ ನಂಬರ್. ಸ್ವಲ್ಪ ಹೊತ್ತಿನ ಮೇಲೆ, ಇವತ್ತೇ ಬಾಡಿಗೆ ಕಟ್ಟಬೇಕು, ಬ್ಯಾಂಕ್ ಆ್ಯಪ್ ಹೊಸ ಫೋನಿನಲ್ಲಿ ತೆರೆಯುತ್ತಿಲ್ಲ, ಈ ಖಾತೆಗೆ 1,480 ಪೌಂಡ್ ಹಾಕುತ್ತೀಯಾ ಎಂದು.

ಅವರು ಹಾಕಲು ಕೂತೇಬಿಟ್ಟಿದ್ದರು. ಇಲ್ಲಿನ ಬ್ಯಾಂಕುಗಳಲ್ಲಿ ಹೊಸಬರಿಗೆ ಹಣ ಕಳಿಸುವಾಗ, ನಾವು ಬರೆದ ಹೆಸರು ಆ ಖಾತೆಯ ಹೆಸರಿಗೆ ಹೊಂದುತ್ತದೆಯೇ ಎಂದು ತಾಳೆ ನೋಡುವ ಏರ್ಪಾಡಿದೆ. ಕನ್ಫರ್ಮೇಶನ್ ಆಫ್ ಪೇಯಿ ಎನ್ನುತ್ತಾರೆ. ಹೆಸರು ಹೊಂದುತ್ತಿಲ್ಲ ಎಂದು ತೆರೆಯ ಮೇಲೆ ಬಂತು. ಹಾಗೆಂದು ‘ಮಗ’ನಿಗೆ ಬರೆದಾಗ, ಅದು ಬಾಡಿಗೆ ಕಂಪನಿಯ ಖಾತೆ, ಹಾಗೇ ಬರುತ್ತದೆ, ಮುಂದುವರಿಸು ಎಂದು ಉತ್ತರ ಬಂತು. ಆಗ ಅವರು ಮಗನ ಹಳೆಯ ನಂಬರಿಗೇ ಕರೆ ಮಾಡಿದರು. ನೀರಿಗೆ ಬಿದ್ದಿದ್ದ ಫೋನು ಎರಡನೇ ರಿಂಗಿಗೆ “ಏನಮ್ಮಾ?” ಎಂದಿತು.

ತಮಾಷೆಯೆಂದರೆ ಆ ಹುಡುಗ ಹುಟ್ಟಿದಾಗಿನಿಂದ ಅವರನ್ನು ಮಮ್ ಎಂದು ಕರೆದೇ ಇಲ್ಲ. ಈ ಸಂದೇಶ ಒಂದೇ ಸಲ ಅದೆಷ್ಟೋ ಜನರಿಗೆ ಹೋಗುತ್ತದೆ, ಯಾರಿಗೆ ತಾಗುತ್ತದೋ ತಾಗಲಿ ಎಂದು. ಅಮ್ಮ ಎಂದು ಬರೆಯುವ ಕಾಲವೂ ಬರಬಹುದು, ಅದನ್ನೇ ನೆಚ್ಚಿಕೊಳ್ಳಬೇಡಿ. ಮಕ್ಕಳೇ, ಮೂರನೆಯ ಕಾರ್ಡ್ ನಿಮಗಾಗಿ: ನಿಜವಾಗಿಯೂ ನಂಬರ್ ಬದಲಾದರೆ ಮನೆಗೆ ಮೊದಲು ಕರೆ ಮಾಡಿ ದನಿ ಕೇಳಿಸಿ, ಆಮೇಲೆ ದುಡ್ಡಿನ ಮಾತಾಡಿ. ದನಿಯನ್ನೂ ನಕಲು ಮಾಡುವ ತಂತ್ರ ಬಂದಿರುವುದರಿಂದ ಕೆಲವು ಮನೆಗಳಲ್ಲಿ ಒಂದು ಗುಟ್ಟಿನ ಪ್ರಶ್ನೆಯನ್ನೂ ಇಟ್ಟುಕೊಂಡಿದ್ದಾರೆ. ಒಬ್ಬರ ಮನೆಯ ಪ್ರಶ್ನೆ, “ಅಜ್ಜಿಮನೆ ಹಸುವಿನ ಹೆಸರೇನು?” ಉತ್ತರ ನನಗೂ ಹೇಳಲಿಲ್ಲ.

ಮೈಸೂರಿನ ಮಂಚಕ್ಕೂ ಇಲ್ಲಿನ ಬಾಡಿಗೆಗೂ ನಡುವೆ ಇರುವ ಹೋಲಿಕೆಯನ್ನು ಮಕ್ಕಳೇ ಕಂಡುಹಿಡಿದರು. ಎರಡರಲ್ಲೂ ಯಾರೂ ಬೀಗ ಒಡೆದಿಲ್ಲ. ಖಾತೆಯ ಯಜಮಾನರ ಕೈಯಲ್ಲೇ ಬಾಗಿಲು ತೆಗೆಸುತ್ತಾರೆ. ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಣ ಕೆಲವೇ ಸೆಕೆಂಡುಗಳಲ್ಲಿ ಆ ಕಡೆ ಸೇರುತ್ತದೆ, ಅಲ್ಲಿಂದ ಇನ್ನೊಂದು ಖಾತೆಗೆ, ಮತ್ತೊಂದಕ್ಕೆ ಹರಿಯುತ್ತದೆ. ಹಾಗಾಗಿ ಕೊನೆಯ ಕಾರ್ಡಿನಲ್ಲಿ ಸಮಯದ ಲೆಕ್ಕವನ್ನೇ ಬರೆದಿದ್ದೇವೆ.

ಅಜ್ಜನ ವಿಷಯದಲ್ಲಿ ನಡೆದದ್ದು ಇದು. ಅಜ್ಜಿ ಪಕ್ಕದ ಮನೆಯ ಬ್ಯಾಂಕ್ ಉದ್ಯೋಗಿ ಹುಡುಗಿಯನ್ನು ಕೂಗಿದರು. ಅವಳು ಬಂದು 1930ಕ್ಕೆ ಕರೆ ಮಾಡಿಸಿದಳು. ಅದು ಭಾರತದ ಸೈಬರ್ ವಂಚನೆಯ ಸಹಾಯವಾಣಿ, cybercrime.gov.in ತಾಣದಲ್ಲೂ ದೂರು ದಾಖಲಿಸಬಹುದು. ಬ್ಯಾಂಕಿಗೂ ತಿಳಿಸಿದರು. ಕೇಳಿದ್ದು ಮುಖ್ಯವಾಗಿ ಪ್ರತಿ ಪಾವತಿಯ 12 ಅಂಕಿಯ ಉಲ್ಲೇಖ ಸಂಖ್ಯೆ, ಸಮಯ ಮತ್ತು ಮೊತ್ತ. ಆ್ಯಪಿನ ಹಳೆಯ ಪಾವತಿಗಳ ಪಟ್ಟಿಯಲ್ಲಿ ಅದು ಸಿಗುತ್ತದೆ. ಅದಕ್ಕೇ ಗಾಬರಿಯಲ್ಲಿ ಆ್ಯಪನ್ನಾಗಲಿ ಮೆಸೇಜುಗಳನ್ನಾಗಲಿ ಅಳಿಸಬಾರದು. ಹಣ ಹೋಗಿ ನಲವತ್ತು ನಿಮಿಷ ಆಗಿತ್ತು. ಮೊದಲ 9,000 ಆಗಲೇ ಕೈಬದಲಾಯಿಸಿತ್ತು, ಸಿಗಲಿಲ್ಲ. 18,000 ಮಾತ್ರ ಎದುರಿನ ಖಾತೆಯಲ್ಲೇ ತಡೆಹಿಡಿಯಲಾಯಿತು. ಅದು ಅಜ್ಜನ ಕೈಗೆ ಬರಲು ಇನ್ನೂ ಕಾಗದಪತ್ರ ನಡೆಯುತ್ತಿದೆ. 1930 ಕಿರುಸಂಖ್ಯೆಯಾದ್ದರಿಂದ ಕರೆಯನ್ನು ಊರಿನಲ್ಲಿರುವವರೇ ಮಾಡುವುದು ಸುಲಭ. ನಾವು ಇಲ್ಲಿಂದ ಮಾಡಬಹುದಾದದ್ದು, ಬೈಯದೆ ಅವರ ಜೊತೆ ಫೋನಿನಲ್ಲಿ ಇರುವುದು.

ಇಲ್ಲಿನವರಿಗೆ ಸಂಖ್ಯೆ 159. ಅಲ್ಲಿಂದ ಬಹುತೇಕ ದೊಡ್ಡ ಬ್ಯಾಂಕುಗಳಿಗೆ ನೇರ ಸಂಪರ್ಕ ಸಿಗುತ್ತದೆ. ಬ್ಯಾಂಕಿನಿಂದ ಎಂದು ಯಾರೋ ಕರೆ ಮಾಡಿ ಅನುಮಾನ ಬಂದಾಗಲೂ ಫೋನ್ ಇಟ್ಟು ಇದಕ್ಕೇ ಕರೆ ಮಾಡಬಹುದು. 2024ರ ಅಕ್ಟೋಬರ್ 7ರಿಂದ ಬ್ರಿಟನ್ನಿನಲ್ಲಿ ಒಂದು ನಿಯಮ ಬಂದಿದೆ. ಹೀಗೆ ಮೋಸಹೋಗಿ ನಾವೇ ಕಳಿಸಿದ ಹಣವನ್ನು, 85,000 ಪೌಂಡಿನವರೆಗೆ, ಬ್ಯಾಂಕುಗಳು ಸಾಮಾನ್ಯವಾಗಿ ಹಿಂತಿರುಗಿಸಬೇಕು. 13 ತಿಂಗಳೊಳಗೆ ದೂರು ಕೊಟ್ಟಿರಬೇಕು, 100 ಪೌಂಡಿನವರೆಗೆ ಬ್ಯಾಂಕು ಕಡಿತ ಮಾಡಬಹುದು. ನಮ್ಮವರು ಗಮನಿಸಬೇಕಾದ ಅಂಶವೊಂದು ಇದರಲ್ಲಿದೆ. ಎರಡೂ ಖಾತೆಗಳು ಬ್ರಿಟನ್ನಿನಲ್ಲಿದ್ದರೆ ಮಾತ್ರ ಈ ರಕ್ಷಣೆ. ಬೆಂಗಳೂರಿನ ಸೈಟಿಗೆಂದು ಇಲ್ಲಿಂದ ನೇರ ಭಾರತದ ಖಾತೆಗೆ ಕಳಿಸಿದ ಮುಂಗಡಕ್ಕೆ ಇದು ಅನ್ವಯಿಸುವುದಿಲ್ಲ, ನಿಮ್ಮ ಎನ್‌ಆರ್‌ಒ ಖಾತೆಯಿಂದ ಯುಪಿಐ ಮೂಲಕ ಕೊಟ್ಟದ್ದಕ್ಕೂ ಅನ್ವಯಿಸುವುದಿಲ್ಲ.

ಕಾರ್ಡುಗಳು ಕೊನೆಗೆ ನಾಲ್ಕೇ ಆದವು. ಮಕ್ಕಳು ಹನ್ನೆರಡು ಮಾಡಿದ್ದರು. ಕಳಿಸುವ ಮುಂಚೆ ತಮ್ಮ ಅಜ್ಜ ಅಜ್ಜಿಯರಿಗೆ ಓದಿಸಿ, “ಓದಿದ ಮೇಲೆ ಏನು ಮಾಡ್ತೀರಿ?” ಎಂದು ಕೇಳಿದರು. “ಹೆದರಿಕೆ ಆಗ್ತದೆ ಮಗಾ” ಎಂಬ ಉತ್ತರ ಬಂದ ಕಾರ್ಡುಗಳನ್ನೆಲ್ಲ ತೆಗೆದರು. “ಇಂಥದ್ದು ಮಾಡ್ತೀನಿ” ಎಂಬ ಉತ್ತರ ಬಂದವು ಉಳಿದವು. ಅಕ್ಷರ ದೊಡ್ಡದಾಗಬೇಕು ಎಂದು ಮಂಗಳೂರಿನ ಒಬ್ಬ ಅಜ್ಜಿ ಹೇಳಿದ್ದರಿಂದ ಚಿತ್ರಗಳು ಚಿಕ್ಕವಾದವು.

ಮಂಚ ಮಾರಾಟವಾಯಿತು. ಕೊಂಡವರು ಅದೇ ಬಡಾವಣೆಯವರು, ಎರಡು ಸಲ ಬಂದು ನೋಡಿ, ಕಾಲು ಅಲ್ಲಾಡಿಸಿ, ಚೌಕಾಸಿ ಮಾಡಿ 14,500ಕ್ಕೆ ಇಳಿಸಿದರು. ದುಡ್ಡು ಕಳಿಸಿ ಆಯಿತೆಂದು ತಮ್ಮ ಫೋನಿನ ತೆರೆ ತೋರಿಸಿದಾಗ ಅಜ್ಜ, “ನಿಮ್ಮ ಫೋನಲ್ಲಿ ಬಂದ್ರೆ ನಂಗೇನು ಸ್ವಾಮಿ, ನನ್ನದ್ರಲ್ಲಿ ಬರಲಿ” ಎಂದು ಮತ್ತೆ ಹಾಕಿಕೊಂಡಿದ್ದ ಆ್ಯಪ್ ತೆರೆದು, ಪಿನ್ ಹಾಕಿ ಬ್ಯಾಲೆನ್ಸ್ ನೋಡಿಕೊಂಡ ಮೇಲೆಯೇ ಮಂಚ ಎತ್ತಲು ಬಿಟ್ಟರಂತೆ.